ನೀರುದೋಸೆಯ ರೆಸಿಪಿಗೆ ಪೀಠಿಕೆ ಎಷ್ಟು?

"ನೀರುದೋಸೆ ರೆಸಿಪಿ ಬರೀತಿದ್ದೇನೆ. ಅಜ್ಜಿಮನೆ ಕತೆಯೇ ಒಂದು ಪುಟ ಆಯ್ತು. ಎಷ್ಟು ಉಳಿಸಲಿ?"

ಎರಡು ಸಾಲು ಸಾಕು: ಹಿಟ್ಟು ಹುಳಿ ಬರಿಸಬೇಕಿಲ್ಲ, ಬೆಳ್ತಿಗೆ ಅಕ್ಕಿಯನ್ನು ರಾತ್ರಿಯೇ ನೆನೆಹಾಕಬೇಕು. 'ಬೆಳ್ತಿಗೆ' ಬಿಡಬೇಡಿ. ನಮ್ಮ ಮಂಗಳೂರಲ್ಲಿ ಬರೀ ಅಕ್ಕಿ ಅಂದರೆ ಕುಚ್ಚಲಕ್ಕಿ ಅಂದುಕೊಳ್ಳುವವರೂ ಇದ್ದಾರೆ, ಅಲ್ವಾ?

ಉಳಿದ ಜಾಗ ವಿಧಾನಕ್ಕೆ. ಸುಮ್ನೆ "ಹಿಟ್ಟು ತೆಳ್ಳಗಿರಲಿ" ಅಂದರೆ ಅಂದಾಜು ಸಿಗುವುದಿಲ್ಲ. ಹೀಗೆ ಬರೆಯಿರಿ: 2 ಲೋಟ ಅಕ್ಕಿ, ಅರ್ಧ ಲೋಟ ಕಾಯಿತುರಿ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಹಾಲಿನಷ್ಟು ತೆಳ್ಳಗೆ ಮಾಡಿ. ಚೆನ್ನಾಗಿ ಕಾದ ಕಾವಲಿಗೆ ಹೊಯ್ಯಿರಿ, ಸೌಟಿನಿಂದ ಹರಡಬೇಡಿ. ಮುಚ್ಚಿ ಬೇಯಿಸಿ, ಮಗುಚಬೇಡಿ. ತೂತು ಬೀಳದಿದ್ದರೆ ಹಿಟ್ಟು ದಪ್ಪ, ಇಲ್ಲವೇ ಕಾವು ಕಮ್ಮಿ. ತೆಗೆಯುವಾಗ ಹರಿದರೆ ನೀರು ಜಾಸ್ತಿ. ಪ್ರತಿ ಸಲ ಹೊಯ್ಯುವ ಮುಂಚೆ ಕಲಕಿ, ಹಿಟ್ಟು ಅಡಿಯಲ್ಲಿ ಕೂರುತ್ತದೆ. ಈ ಸಾಲು ಮರೆತು ನಾನೇ ಬೈಸಿಕೊಂಡಿದ್ದೇನೆ.