ಪುಸ್ತಕದಲ್ಲಿ ಹದಿನಾಲ್ಕು ಸಾವಿರ, ಕೈಲಿ ಒಂಬತ್ತೇ

ಓದುಗರ ಪತ್ರ: ಸರ್, ಈ ಸಲ ನಮ್ಮ ಬೀದಿ ಗಣೇಶನ ಲೆಕ್ಕ ಬರೆಯೋ ಕೆಲ್ಸ ನನ್ ತಲೆಗೆ ಬಂತು. ಆರಂಭ ಶಿಲ್ಕು 6,200, ರಸೀದಿ ಕಲೆಕ್ಷನ್ 81,550, ಲಡ್ಡು ಹರಾಜು 5,001, ಖರ್ಚು 78,111. ಕಳೆದ್ರೆ 14,640 ಇರ್ಬೇಕು. ಡಬ್ಬಿಲಿ 5,639, ಸೆಕ್ರೆಟರಿ ಫೋನ್ ಅಕೌಂಟಲ್ಲಿ 3,500, ಅಷ್ಟೇ ಇರೋದು. ಭಾನುವಾರ ಮೀಟಿಂಗ್. ತಮಟೆಯವ್ರಿಗೆ ಕೊಟ್ಟ 6,000ಕ್ಕೆ ಬಿಲ್ಲೂ ಇಲ್ಲ. ಕೌಂಟರ್‌ಫಾಯಿಲ್, ಫೋನ್ ಸ್ಟೇಟ್‌ಮೆಂಟ್ ಎಲ್ಲದರ ಫೋಟೋ ಕಳ್ಸಿದೀನಿ. ಯಾರೋ ದುಡ್ಡು ಹೊಡೆದಿದಾರಾ?

ಉತ್ತರ: ಯಾರೂ ಹೊಡೆದಿಲ್ಲ, ಮೊದ್ಲು ಒಂದ್ ಲೋಟ ಕಾಫಿ ಕುಡೀರಿ. ವ್ಯತ್ಯಾಸ 5,501 ಬಂತಲ್ಲ, ಆ ಕೊನೇ ಒಂದು ರೂಪಾಯಿ ನೋಡಿದ ತಕ್ಷಣ ನನಗೆ ಹರಾಜಿನ ಮೇಲೆ ಅನುಮಾನ ಬಂತು. ಕಳ್ಳತನ ಆಗಿದ್ರೆ ಐದು ಸಾವಿರದ ಐನೂರು ಹೋಗ್ತಿತ್ತೇ ಹೊರತು ಮೇಲಿನ ಒಂದ್ರೂಪಾಯಿನೂ ಎಣಿಸಿ ತಗೊಂಡು ಹೋಗೋರು ಯಾರಿದಾರೆ ಹೇಳಿ.

ಲಡ್ಡು ಕೂಗಿದವ್ರು ದುಡ್ಡು ಕೊಟ್ಟಿದಾರಾ? ಸುಮಾರು ಕಡೆ ಪದ್ಧತಿ ಏನಂದ್ರೆ ಈ ವರ್ಷ ಕೂಗಿ ಲಡ್ಡು ಮನೆಗೆ ಒಯ್ತಾರೆ, ದುಡ್ಡು ಮುಂದಿನ ಹಬ್ಬಕ್ಕೆ. ನಿಮ್ಮ ಫೋಟೋಗಳಲ್ಲಿ 5,001ಕ್ಕೆ ರಸೀದಿನೇ ಕಾಣ್ಲಿಲ್ಲ, ಅಂದ್ರೆ ಮೈಕಲ್ಲಿ ಕೂಗಿದ್ದನ್ನ ಕೇಳಿ ನೀವು ಜಮಾ ಬರ್ಕೊಂಡಿದೀರ. ಕೈಗೆ ಬರದ ದುಡ್ಡು ಜಮಾ ಅಲ್ಲ. ಅದನ್ನ ಮೇಲಿಂದ ತೆಗೆದು ಪುಟದ ಕೆಳಗೆ "ಬರಬೇಕಾದ್ದು" ಅಂತ ಬೇರೆ ಸಾಲು ಬರೀರಿ, ದುಡ್ಡು ಬಂದ ದಿನ ರಸೀದಿ ಹರೀರಿ.

ಇನ್ನು ಉಳಿದಿದ್ದು 500. ಇದನ್ನ ಹುಡುಕೋಕೆ ನಂಗೆ ಅರ್ಧ ಗಂಟೆ ಹಿಡೀತು. ರಸೀದಿ ನಂಬರ್ ಕ್ರಮದಲ್ಲಿ ಎಷ್ಟು ಸಲ ಕೂಡಿದ್ರೂ ಇದು ಸಿಗಲ್ಲ, ಮನೆ ನಂಬರ್ ಪ್ರಕಾರ ಒಂದು ಪಟ್ಟಿ ಮಾಡ್ಕೊಂಡ್ರೆ ತಾನಾಗೇ ಎದ್ದು ಕಾಣುತ್ತೆ. ನಿಮ್ಮ 31ನೇ ಮನೆಗೆ ಎರಡು ರಸೀದಿ ಹೋಗಿದೆ, ನಂ. 58 ಮತ್ತೆ ನಂ. 142, ಎರಡೂ 500. ಫೋನ್ ಸ್ಟೇಟ್‌ಮೆಂಟಲ್ಲಿ ಆ ಮನೆಯಿಂದ ಬಂದಿರೋದು ಒಂದೇ ಸಲ. ಏನಾಗಿರುತ್ತೆ ಅಂದ್ರೆ, ಹುಡುಗ್ರು ಬಾಗಿಲಿಗೆ ಹೋದಾಗ ಅವ್ರು "ಫೋನಲ್ಲಿ ಹಾಕ್ತೀನಿ ಹೋಗ್ರೋ" ಅಂದಿರ್ತಾರೆ, ಇವ್ರು 58 ಹರಿದು ಕೊಟ್ಟು ಬಂದಿರ್ತಾರೆ, ಸಂಜೆ ಸೆಕ್ರೆಟರಿ ದುಡ್ಡು ಬಂದಿದ್ದು ನೋಡಿ ತಮ್ಮ ಹತ್ರ ಇದ್ದ ಪುಸ್ತಕದಲ್ಲಿ 142 ಹರಿದಿರ್ತಾರೆ. ಆದ್ರೂ ಇದು ನನ್ನ ಊಹೆ, ಆ ಮನೆಯವ್ರನ್ನ ಒಂದು ಮಾತು ಕೇಳಿ, ಕ್ಯಾಶೂ ಕೊಟ್ಟಿದೀವಿ ಅಂದ್ರೆ ಕಥೆ ಬೇರೆ.

ಕೊಟ್ಟಿಲ್ಲ ಅಂದ್ರೆ ಅವ್ರ ಹತ್ರ ಇರೋ 58ರ ಚೀಟಿ ವಾಪಸ್ ತಂದು ಕೌಂಟರ್‌ಫಾಯಿಲ್‌ಗೇ ಪಿನ್ ಹೊಡೀರಿ, ಅಡ್ಡ ಗೆರೆ ಎಳೆದು "ರದ್ದು, ನಂ. 142 ನೋಡಿ" ಅಂತ ಬರೆದು ಇಬ್ಬರು ಸೈನ್ ಹಾಕಿ. ಹರಿದು ಎಸೀಬೇಡಿ, ವೈಟ್‌ನರ್ ಅಂತೂ ಹಚ್ಚಲೇಬೇಡಿ. ಲೆಕ್ಕದ ಪುಸ್ತಕದಲ್ಲೂ 58 ಅನ್ನೋ ಸಾಲು ಇರ್ಲಿ, ಮೊತ್ತದ ಜಾಗದಲ್ಲಿ ಸೊನ್ನೆ. ನಂಬರ್ ಮಧ್ಯದಲ್ಲಿ ಒಂದು ಮಾಯ ಆದ್ರೆ ಮೀಟಿಂಗಲ್ಲಿ ಹಿಂದಿನ ಸಾಲಲ್ಲಿ ಕೂತವ್ರು ಹಿಡಿಯೋದೇ ಅದನ್ನ.

ಈಗ ಕೂಡಿ ನೋಡಿ:

ಆರಂಭ ಶಿಲ್ಕು 6,200
ರಸೀದಿ ಜಮಾ 81,050
ಒಟ್ಟು 87,250
ಖರ್ಚು 78,111
ಅಖೈರು ಶಿಲ್ಕು 9,139

ಡಬ್ಬಿ 5,639, ಫೋನ್ 3,500, ಸರಿ ಹೋಯ್ತಲ್ಲ! ಈ ಎರಡನ್ನೂ ಶಿಲ್ಕಿನ ಕೆಳಗೇ ಬಿಡಿಸಿ ಬರೀರಿ, ದುಡ್ಡು ಎಷ್ಟು ಅನ್ನೋದಕ್ಕಿಂತ ಯಾರ ಹತ್ರ ಇದೆ ಅಂತಾನೇ ಜನ ಕೇಳೋದು. ಆಗೋದಾದ್ರೆ ಭಾನುವಾರದೊಳಗೆ ಆ 3,500 ಬಿಡಿಸಿ ಡಬ್ಬಿಗೆ ಹಾಕ್ಸಿ, ಸೆಕ್ರೆಟರಿ ಸಂಬಳ, ಹಾಲಿನ ದುಡ್ಡು ಎಲ್ಲ ಅದೇ ಅಕೌಂಟಲ್ಲಿ ಓಡಾಡ್ತಿರುತ್ತೆ. ಮುಂದಿನ ವರ್ಷ ಫೋನಲ್ಲಿ ಬಂದ ದುಡ್ಡಿನ ರಸೀದಿಗೆಲ್ಲ ಯುಟಿಆರ್ ನಂಬರಿನ ಕೊನೇ ನಾಲ್ಕು ಅಂಕಿ ಬರೆಸಿ, ಆಗ ಒಂದೇ ದುಡ್ಡಿಗೆ ಎರಡು ರಸೀದಿ ಹರಿದ್ರೆ ಅವತ್ತೇ ಗೊತ್ತಾಗುತ್ತೆ.

ತಮಟೆಯವ್ರ ಹತ್ರ ಬಿಲ್ ಎಲ್ಲಿಂದ ಬರ್ಬೇಕು ಪಾಪ. ವೋಚರ್ ಬರೀರಿ, ಯಾವ ದಿನದ ಮೆರವಣಿಗೆ, ಎಷ್ಟು ಜನ ಬಂದಿದ್ರು, ದುಡ್ಡು ಕೈಗೆ ಕೊಟ್ಟಿದ್ಯಾರು ಅಂತ, ಆಮೇಲೆ ಅವ್ರ ಮೇಸ್ತ್ರಿ ಸೈನೋ ಹೆಬ್ಬೆಟ್ಟೋ ಹಾಕ್ಸಿ. ಬರೆಯೋ ದಿನದ ತಾರೀಖೇ ಹಾಕಿ, ಹಿಂದಿನ ತಾರೀಖು ಹಾಕೋಕೆ ಹೋಗ್ಬೇಡಿ.

ಒಂದು ಮಾತು, ಕಡಿಮೆ ಬಿದ್ದಿದ್ದನ್ನ ನಾನೇ ಹಾಕಿ ಮುಗಿಸ್ಬಿಡೋಣ ಅಂತ ಮಾತ್ರ ಅನ್ಕೋಬೇಡಿ. ನಾನು ನಮ್ಮ ಬೀದಿ ಲೆಕ್ಕ ಬರೀವಾಗ ಸಾಲದೆ ಬಿದ್ದ 700 ಜೇಬಿಂದ ಹಾಕಿದ್ದೆ, ವಾರ ಆದ್ಮೇಲೆ ಹೂವಿನ ಅಂಗಡಿಯವ್ರು ಅಡ್ವಾನ್ಸ್ ಉಳಿದಿತ್ತು ಅಂತ 700 ತಂದುಕೊಟ್ರು, ಆಗ ನನ್ನ ದುಡ್ಡು ನಾನೇ ವಾಪಸ್ ತಗೊಂಡಿದ್ದನ್ನ ನೋಡಿದವ್ರು ಕಮಿಟಿ ದುಡ್ಡು ಜೇಬಿಗೆ ಹಾಕ್ಕೊಂಡ ಅಂತ ಎರಡು ವರ್ಷ ಆಡ್ಕೊಂಡ್ರು.

ನಿಮ್ಮ ನಾಲ್ಕನೇ ಪುಸ್ತಕದಲ್ಲಿ 173ರಿಂದ 200 ಖಾಲಿ ಇದೆ. ಅವಕ್ಕೆಲ್ಲ ಈಗ್ಲೇ ಗೆರೆ ಎಳೆದು, "172 ಹರಿದಿದ್ದು, ಅದ್ರಲ್ಲಿ 1 ರದ್ದು, 28 ಬಳಸಿಲ್ಲ" ಅಂತ ಮೀಟಿಂಗ್ ಪುಸ್ತಕದಲ್ಲಿ ಬರೆಸಿ, ನಾಲ್ಕೂ ಪುಸ್ತಕ ಮೇಜಿನ ಮೇಲಿಟ್ಟೇ ಲೆಕ್ಕ ಓದೋಕೆ ಶುರು ಮಾಡಿ.