ಕಳಿಸುವ ಮುನ್ನ ಆ ಮೆಸೇಜನ್ನು ಇನ್ನೊಮ್ಮೆ ಓದೋಣ

ಸಂಪಾದಕರಿಗೆ ನಮಸ್ಕಾರ. ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ವಯಸ್ಸು 29. ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಿದ್ದ. ಅವನನ್ನು ಕೇಳದೆ ಜಾತಕ, ಫೋಟೋ ಒಂದು ಕಡೆ ಕೊಟ್ಟಿದ್ದೆ. ಯುಗಾದಿಗೆ ಬಂದಾಗ ನೆಂಟರ ಮುಂದೆ ಆ ಮಾತು ಬಂದು ಜಗಳವಾಯ್ತು. ಅಂದಿನಿಂದ ಫೋನಿಲ್ಲ, ನಾನು ಮಾಡಿದರೆ ಎತ್ತಲ್ಲ. ಅವನ ಅಕ್ಕನ ಹತ್ತಿರ ಮಾತಾಡುತ್ತಾನೆ. ಅವನ ಮನಸ್ಸಿಗೆ ಭಾರವಾಗದ ಹಾಗೆ ಒಂದು ಮೆಸೇಜ್ ಬರೆದಿದ್ದೀನಿ, ಕಳಿಸಲು ಧೈರ್ಯವಿಲ್ಲ. ತಿದ್ದಿ ಕೊಡಿ: “ಮಗಾ ಹೇಗಿದೀಯ. ನೀನು ಫೋನ್ ಮಾಡಿ ಮೂರು ತಿಂಗಳಾಯ್ತು. ಕೆಲಸ ಜಾಸ್ತಿ ಇರಬೇಕು, ಅಮ್ಮನ ನೆನಪು ಎಲ್ಲಿಂದ ಬರುತ್ತೆ. ಪರವಾಗಿಲ್ಲ ಬಿಡು. ನಿಮ್ಮಪ್ಪನಿಗೆ ನಿನ್ನ ಚಿಂತೇಲೇ ಬಿಪಿ ಜಾಸ್ತಿಯಾಗಿದೆ. ಅವತ್ತು ನಿನ್ನ ಒಳ್ಳೇದಕ್ಕೇ ಹೇಳಿದ್ದು, ನೋವಾಗಿದ್ರೆ ಕ್ಷಮಿಸು. ಒಂದ್ ಸಲ ಆದ್ರೂ ಫೋನ್ ಮಾಡು.”
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಅಮ್ಮಾ, ಕಳಿಸದೆ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ನಿಮ್ಮ ಮೆಸೇಜಿನಲ್ಲಿ ಬೈಗುಳ ಒಂದೂ ಇಲ್ಲ, ಆದರೂ ಓದಿದವನಿಗೆ ಚುಚ್ಚುತ್ತದೆ. ಎಲ್ಲಿ ಚುಚ್ಚುತ್ತದೆ ಎಂದು ಮೊದಲು ನೋಡೋಣ.

ನಮ್ಮ ಕನ್ನಡದಲ್ಲಿ ಕೊಂಕು ದೊಡ್ಡ ಪದಗಳಲ್ಲಿ ಇರುವುದಿಲ್ಲ, ಬಾಲಗಳಲ್ಲಿರುತ್ತದೆ. “ಪರವಾಗಿಲ್ಲ” ಅಂದರೆ ಪರವಾಗಿಲ್ಲ. “ಪರವಾಗಿಲ್ಲ ಬಿಡು” ಅಂದರೆ ಪರವಾಗಿದೆ. “ಒಂದು ಸಲ ಫೋನ್ ಮಾಡು” ಎಂಬುದು ಕೋರಿಕೆ. “ಒಂದ್ ಸಲ ಆದ್ರೂ” ಅಂದಾಗ ಅದು ದೂರು. “ನಿನ್ನ ಚಿಂತೇಲೇ” ಎನ್ನುವಾಗ ಕೊನೆಯ ಆ ಏಕಾರ ಅಪ್ಪನ ಬಿಪಿಯನ್ನು ಪೂರ್ತಿಯಾಗಿ ಮಗನ ತಲೆಗೆ ಕಟ್ಟುತ್ತದೆ. ಎದುರಿಗೆ ಕೂತು ಹೇಳಿದ್ದರೆ ನಿಮ್ಮ ಮುಖ, ದನಿ, ಕೈಯಲ್ಲಿ ಹಿಡಿದ ಕಾಫಿ ಲೋಟ ಎಲ್ಲ ಸೇರಿ ಆ ಮೊನೆಯನ್ನು ಮೊಂಡು ಮಾಡುತ್ತಿದ್ದವು. ಮೆಸೇಜಿನಲ್ಲಿ ಅವು ಯಾವುದೂ ಹೋಗುವುದಿಲ್ಲ. ಜಗಳವಾಡಿ ಹೋದವನು ಅದನ್ನು ತನ್ನ ತಲೆಯೊಳಗೆ ನಿಮ್ಮ ಜಗಳದ ದನಿಯಲ್ಲೇ ಓದಿಕೊಳ್ಳುತ್ತಾನೆ. ಆದ್ದರಿಂದ ಮೊದಲ ಕೆಲಸ ಇದು: ಬರೆದದ್ದನ್ನು ಜೋರಾಗಿ ಓದಿ, “ಬಿಡು”, “ಆದ್ರೂ”, “ಅಂತೂ”, “ಎಲ್ಲಿಂದ”, “ಯಾಕೋ” ಇವು ಎಲ್ಲೆಲ್ಲಿ ಬಂದಿವೆಯೋ ಅಲ್ಲಿ ಹೊಡೆದು ಹಾಕಿ. ಅವುಗಳನ್ನು ತೆಗೆದ ಮೇಲೆ ವಾಕ್ಯಕ್ಕೆ ಅರ್ಥವೇ ಉಳಿಯದಿದ್ದರೆ ಆ ವಾಕ್ಯ ಬಂದದ್ದೇ ಕೊಂಕಿಗಾಗಿ. ನಿಮ್ಮ “ಅಮ್ಮನ ನೆನಪು ಎಲ್ಲಿಂದ ಬರುತ್ತೆ” ಅಂಥದ್ದು.

ತಿಂಗಳ ಲೆಕ್ಕವೂ ಬೇಡ. ಎಷ್ಟು ದಿನವಾಯಿತು ಅಂತ ಅವನಿಗೂ ಗೊತ್ತು. ನೀವು ಅದನ್ನು ಬರೆದ ಕೂಡಲೇ ಅದು ಸಾಲದ ಪುಸ್ತಕವಾಗುತ್ತದೆ, ಫೋನ್ ಮಾಡಬೇಕೆಂದು ಅವನಿಗೆ ಅನಿಸಿದರೂ ಮೊದಲು ಮೂರು ತಿಂಗಳ ಬಡ್ಡಿ ಕಟ್ಟಬೇಕಲ್ಲ ಎಂದು ಹಿಂಜರಿಯುತ್ತಾನೆ. ದಿನ ಕಳೆದಷ್ಟೂ ಫೋನ್ ಮಾಡುವುದು ಕಷ್ಟವಾಗುವುದಕ್ಕೆ ಬಹಳ ಸಲ ಕಾರಣ ಸಿಟ್ಟಲ್ಲ, ಈ ಬಡ್ಡಿಯ ಭಯ.

ಬಿಪಿಯ ವಿಷಯ. ಇದು ಸುದ್ದಿಯೋ ಆಯುಧವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಇದನ್ನು ತಿಳಿದು ಮಗ ಏನು ಮಾಡಬೇಕು? ಡಾಕ್ಟರು ಮಾತ್ರೆ ಬದಲಿಸಿದ್ದಾರೆ, ಹಾಸನಕ್ಕೆ ಕರೆದುಕೊಂಡು ಹೋಗಬೇಕು, ಅವನು ಬರಬೇಕು ಎಂದಿದ್ದರೆ ಅದನ್ನು ಬೇರೆಯಾಗಿ, ಬೇರೆ ದಿನ, ಇಷ್ಟೇ ನೇರವಾಗಿ ತಿಳಿಸಿ. ಅವನು ಮಾಡುವುದು ಏನೂ ಇಲ್ಲ, ಕೇಳಿ ಕೊರಗುವುದಷ್ಟೇ ಎಂದಾದರೆ ಈ ಮೆಸೇಜಿಗೆ ಅದು ಬೇಡ. ಕ್ಷಮೆಯ ಜೊತೆ ಕಾಯಿಲೆ ಸೇರಿಸಿದರೆ ಕ್ಷಮೆ ಕಾಣೆಯಾಗುತ್ತದೆ. ಇನ್ನೊಂದು ನಷ್ಟವೂ ಇದೆ. ಮುಂದೆ ನಿಜವಾದ ತುರ್ತು ಬಂದಾಗ ಅದನ್ನೂ ಅವನು ಕರೆಸಿಕೊಳ್ಳುವ ನೆಪ ಅಂದುಕೊಳ್ಳಬಹುದು.

ಈಗ ಮುಖ್ಯವಾದದ್ದು, ಕ್ಷಮೆ. “ನೋವಾಗಿದ್ರೆ ಕ್ಷಮಿಸು” ಎನ್ನುವಾಗ ನೋವಾಗಿದೆಯೋ ಇಲ್ಲವೋ ಎಂಬುದೇ ಅನುಮಾನ ಎಂದು ನೀವು ಹೇಳಿದ ಹಾಗಾಯಿತು. “ಒಳ್ಳೇದಕ್ಕೇ ಹೇಳಿದ್ದು” ಅಂದಾಗ ಮಾಡಿದ್ದು ಸರಿ ಅಂತಲೇ ಆಯಿತು. ನಿಮ್ಮ ಪತ್ರದಲ್ಲಿ ತಪ್ಪು ಸ್ಪಷ್ಟವಾಗಿದೆ: ಕೇಳದೆ ಜಾತಕ ಕೊಟ್ಟಿರಿ, ನೆಂಟರ ಮುಂದೆ ಆ ಮಾತು ಬಂತು. ಅದನ್ನು ಅದರ ಹೆಸರಿನಲ್ಲೇ ಹೇಳಿ, ಸಮಜಾಯಿಷಿ ಸೇರಿಸಬೇಡಿ. ಅದರ ಹಿಂದೆಯೇ ಇನ್ನು ಮೇಲೆ ಏನು ಮಾಡುವುದಿಲ್ಲ ಎಂದು ಒಂದು ಮಾತು. ಅದು ನಿಮ್ಮ ಕೈಯಲ್ಲಿರುವುದಾಗಿರಬೇಕು. “ಇನ್ನು ಯಾರೂ ಮದುವೆ ವಿಷಯ ಎತ್ತಲ್ಲ” ಎಂದು ಬರೆಯಬೇಡಿ. ಅವನ ಅಪ್ಪನ ಬಾಯಿಗೆ, ಅತ್ತೆಯ ಬಾಯಿಗೆ ನೀವು ಜಾಮೀನು ನಿಲ್ಲಲಾರಿರಿ. ನಿಮ್ಮ ಬಾಯಿಗೆ ಮಾತ್ರ ನಿಲ್ಲಿ. ಮತ್ತೆ, ಆ ಜಾತಕ ಇನ್ನೂ ಕೊಟ್ಟವರ ಮನೆಯಲ್ಲೇ ಇದ್ದರೆ ಮೊದಲು ಅದನ್ನು ವಾಪಸ್ ತನ್ನಿ. ಆಮೇಲೆ ಬರೆಯಿರಿ.

ಇಷ್ಟನ್ನು ಇಟ್ಟುಕೊಂಡು ನಿಮ್ಮ ಮೆಸೇಜನ್ನು ನಾವು ಹೀಗೆ ಕಟ್ಟಿದ್ದೇವೆ. ಪದಗಳನ್ನು ನಿಮ್ಮ ಮನೆಯ ಮಾತಿಗೆ ಬದಲಿಸಿಕೊಳ್ಳಿ, ಉದ್ದ ಮಾತ್ರ ಹೆಚ್ಚಿಸಬೇಡಿ:

“ಮಗಾ, ನಿನ್ನನ್ನ ಒಂದು ಮಾತು ಕೇಳದೆ ಜಾತಕ, ಫೋಟೋ ಕೊಟ್ಟಿದ್ದು ನನ್ನ ತಪ್ಪು. ಹಬ್ಬದ ದಿನ ಎಲ್ಲರ ಮುಂದೆ ಆ ಮಾತು ಬರೋ ಹಾಗೆ ಮಾಡಿದ್ದೂ ತಪ್ಪು. ಜಾತಕ, ಫೋಟೋ ಎರಡನ್ನೂ ವಾಪಸ್ ತಂದಿದ್ದೀನಿ. ನೀನಾಗಿ ಎತ್ತೋವರೆಗೂ ನಾನು ಆ ವಿಷಯ ಎತ್ತಲ್ಲ. ಇಲ್ಲಿ ಮಳೆ ಹಿಡಿದಿದೆ, ಮೊನ್ನೆ ಈ ವರ್ಷದ ಮೊದಲನೇ ಕಳಲೆ ಪಲ್ಯ ಮಾಡಿದ್ವಿ. ಈಗಲೇ ಉತ್ತರ ಬರೀಬೇಕು ಅಂತೇನಿಲ್ಲ. ಅಮ್ಮ.”

ಕಳಲೆ ಯಾಕೆ ಬಂತು ಎಂದು ಕೇಳಬಹುದು. ಬರೀ ಕ್ಷಮೆ ಇದ್ದರೆ ಮೆಸೇಜು ತೀರ್ಪು ಕಾಯುವ ಅರ್ಜಿಯಂತಾಗುತ್ತದೆ. ಮನೆಯ ಒಂದು ಸಣ್ಣ ಸುದ್ದಿ ಇದ್ದರೆ ಅವನು ಜಗಳದ ವಿಷಯ ಮುಟ್ಟದೆಯೂ “ಈ ಸಲ ಮಳೆ ಜೋರಾ?” ಎಂದು ಉತ್ತರಿಸಬಹುದು, ಅವನಿಗೆ ಹಿತ್ತಲ ಬಾಗಿಲೊಂದು ತೆರೆದಿರುತ್ತದೆ. ಆದರೆ ಆ ಸುದ್ದಿ ಸುದ್ದಿಯಾಗಿಯೇ ಇರಬೇಕು. “ಕಳಲೆ ತಿನ್ನುವಾಗ ನಿನ್ನ ನೆನಪಾಗಿ ಗಂಟಲಲ್ಲಿ ಇಳಿಯಲಿಲ್ಲ” ಎಂದರೆ ಮತ್ತೆ ಶುರುವಾಯಿತು. ನಾಯಿ ಗೇಟಿನ ಹತ್ತಿರ ನಿನ್ನ ದಾರಿ ಕಾಯುತ್ತಿದೆ ಎಂದು ಬರೆಯುವವರೂ ಇದ್ದಾರೆ. ಪಾಪ, ನಾಯಿಯ ಬಾಯಲ್ಲೂ ನಮ್ಮ ದೂರನ್ನೇ ಹಾಕುವುದು ಬೇಡ.

ಕೊನೆಯ ಸಾಲನ್ನೂ ಹುಷಾರಾಗಿ ನೋಡಿ. “ಉತ್ತರ ಕೊಡದಿದ್ರೂ ಪರವಾಗಿಲ್ಲ, ನೀನು ಚೆನ್ನಾಗಿದ್ರೆ ಸಾಕು” ಎಂಬುದು ಕೇಳಲು ಮೃದು, ಓದಲು ತ್ಯಾಗ. “ಈಗಲೇ ಬರೀಬೇಕು ಅಂತೇನಿಲ್ಲ” ಎನ್ನುವಲ್ಲಿ ಸಮಯ ಕೊಟ್ಟದ್ದು ಮಾತ್ರ ಇದೆ.

ಕಳಿಸುವ ಬಗೆ. ವಾಯ್ಸ್ ಮೆಸೇಜ್ ಬೇಡ, ಅಕ್ಷರದಲ್ಲೇ ಇರಲಿ. ನಡುವೆ ನಿಮ್ಮ ಗಂಟಲು ಕಟ್ಟಿದರೆ ಆಡಿದ ಮಾತಿಗಿಂತ ಅದೇ ದೊಡ್ಡದಾಗಿ ಕೇಳುತ್ತದೆ. ಮನೆಯವರ ಗ್ರೂಪಿಗಂತೂ ಹಾಕಲೇಬೇಡಿ. ನೆಂಟರ ಮುಂದೆ ಆದ ನೋವಿಗೆ ನೆಂಟರ ಮುಂದೆಯೇ ಕ್ಷಮೆ ಕೇಳಿದರೆ ಅವನು ಎಲ್ಲರ ಎದುರು ಉತ್ತರ ಕೊಡಬೇಕಾಗುತ್ತದೆ. ಭಾನುವಾರ ಸಂಜೆಯೂ ಬೇಡ. ಅದು ಅವನು ಫೋನ್ ಮಾಡುತ್ತಿದ್ದ ಹೊತ್ತು, ಆಗ ಬಂದ ಮೆಸೇಜು ಏನೇ ಹೇಳಿದರೂ “ಇವತ್ತೂ ಮಾಡಲಿಲ್ಲ” ಎಂದೇ ಓದಿಸಿಕೊಳ್ಳುತ್ತದೆ. ವಾರದ ನಡುವೆ, ರಾತ್ರಿ ಎಂಟರ ಸುಮಾರಿಗೆ ಕಳಿಸಿ. ಕಳಿಸುವ ಮುಂಚೆ ಮಿಸ್ಡ್ ಕಾಲ್ ಕೊಡಬೇಡಿ. ಕಳಿಸಿದ ಮೇಲೆ ತಪ್ಪು ಕಂಡರೆ ವಾಟ್ಸಾಪಿನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಅಳಿಸಲು ಮಾತ್ರ ಹೋಗಬೇಡಿ, ಅಳಿಸಿದ ಗುರುತು ಅವನ ಫೋನಿನಲ್ಲಿ ಉಳಿಯುತ್ತದೆ, ಅಮ್ಮ ಏನು ಬರೆದಿದ್ದರೋ ಎಂದು ಅವನು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾನೆ.

ಆಮೇಲೆ ಟಿಕ್ ಎಣಿಸುತ್ತ ಕೂರುವುದು. ಒಂದೇ ಟಿಕ್ ಇದ್ದರೆ ಅವನ ಫೋನಿಗೆ ಇನ್ನೂ ತಲುಪಿಲ್ಲ, ಎರಡು ಬೂದು ಟಿಕ್ ಇದ್ದರೆ ತಲುಪಿದೆ, ನೀಲಿಯಾದರೆ ತೆರೆದಿದ್ದಾನೆ. ನೀಲಿ ಬಾರದ ಹಾಗೆ ಸೆಟ್ಟಿಂಗ್ ಇಟ್ಟುಕೊಂಡವರೂ ಬಹಳ. ಹಾಗಾಗಿ ಬೂದು ಬಣ್ಣದಿಂದ ಏನನ್ನೂ ತೀರ್ಮಾನಿಸಲಾಗದು. “ಓದಿದೀಯ, ಉತ್ತರ ಇಲ್ಲ” ಎಂದು ಎರಡನೆಯ ಮೆಸೇಜು ಹೋಯಿತೋ, ಮೊದಲನೆಯದು ವ್ಯರ್ಥ. ಮಗಳ ಹತ್ತಿರ “ಏನಂದ? ಓದಿದನಾ?” ಎಂದು ವಿಚಾರಿಸುವುದೂ ಬೇಡ. ಇವತ್ತು ಅವನಿಗೆ ಮನೆಯ ಜೊತೆ ಉಳಿದಿರುವ ದಾರಿ ಅವಳೊಬ್ಬಳೇ. ಅವಳು ನಿಮ್ಮ ಪರ ವಕಾಲತ್ತು ವಹಿಸಿದರೆ ಅದೂ ಮುಚ್ಚಬಹುದು.

ಉತ್ತರ ಬಾರದಿದ್ದರೆ ಮುಂದೆ? ಇದಕ್ಕೆ ಒಂದು ಹಳೆಯ ಪ್ರಯೋಗ ದಾರಿ ತೋರುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1969ರಲ್ಲಿ ಜೆರೋಮ್ ಮೋಟೊ ಎಂಬ ಮನೋವೈದ್ಯರು, ಆಸ್ಪತ್ರೆಯಿಂದ ಹೊರಬಂದು ಮುಂದಿನ ಚಿಕಿತ್ಸೆ ಬೇಡವೆಂದವರಲ್ಲಿ ಕೆಲವರಿಗೆ ಪುಟ್ಟ ಪತ್ರ ಬರೆಸತೊಡಗಿದರು. ಅದರಲ್ಲಿ ಇದ್ದದ್ದು, ನೀವು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇವೆ, ಬರೆಯಬೇಕೆನಿಸಿದರೆ ನಮಗೆ ಸಂತೋಷ, ಅಷ್ಟೇ. ಬನ್ನಿ ಎಂದಿಲ್ಲ, ಮಾತ್ರೆ ತಗೊಳ್ಳಿ ಎಂದಿಲ್ಲ. ಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೊಂದು, ಕೊನೆಗೆ ಮೂರು ತಿಂಗಳಿಗೊಂದರಂತೆ ಐದು ವರ್ಷ. ಮೊದಲ ಎರಡು ವರ್ಷಗಳಲ್ಲಿ, ಪತ್ರ ಪಡೆದವರಲ್ಲಿ ಆತ್ಮಹತ್ಯೆಗಳು ಪಡೆಯದವರಿಗಿಂತ ಕಡಿಮೆಯಿದ್ದವು. ನಿಮ್ಮ ಮಗನ ವಿಷಯ ಬೇರೆ, ನಾವು ಎರವಲು ಪಡೆಯುವುದು ಆ ಪತ್ರದ ಆಕಾರವನ್ನು ಮಾತ್ರ: ಚಿಕ್ಕದು, ಏನನ್ನೂ ಕೇಳದ್ದು, ಬಿಟ್ಟು ಬಿಟ್ಟು ಬರುವಂಥದ್ದು. ನಿಮಗೂ ತಿಂಗಳಿಗೆ ಒಂದು ಸಾಕು. ಕ್ಷಮೆಯನ್ನು ಮತ್ತೆ ಎತ್ತಬೇಡಿ, ಅದು ಒಮ್ಮೆ ಮುಗಿಯಿತು. “ಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ, ಇವತ್ತು ಬಂತು. ನೀನು ಚೆನ್ನಾಗಿದೀಯ ಅಂದ್ಕೊಂಡಿದೀನಿ” ಎಂಬಷ್ಟು ಇರಲಿ.

ಇದು ನಡೆಯದ ಸಂದರ್ಭಗಳೂ ಇವೆ. ನನಗೆ ಮೆಸೇಜ್ ಮಾಡಬೇಡಿ ಎಂದು ಅವನು ಸ್ಪಷ್ಟವಾಗಿ ಹೇಳಿದರೆ ನಿಲ್ಲಿಸಬೇಕು. ಅಕ್ಕನ ಜೊತೆಗೂ ಮಾತು ನಿಂತರೆ, ಕೆಲಸಕ್ಕೆ ಹೋಗುತ್ತಿಲ್ಲ ಎಂದು ತಿಳಿದರೆ, ಬದುಕಿನ ಆಸೆಯಿಲ್ಲ ಎಂಬಂಥ ಮಾತು ಬಂದರೆ ಈ ತಾಳ್ಮೆಯ ಲೆಕ್ಕವೆಲ್ಲ ಬದಿಗಿರಲಿ, ಯಾರಾದರೂ ಅವತ್ತೇ ಹೋಗಿ ಅವನನ್ನು ಕಣ್ಣಾರೆ ನೋಡಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರೂ ಫೋನ್ ಮಾಡಿ ಸಲಹೆ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಬ್ಬೆರಳಿನ ಚಿತ್ರವೋ ಒಂದು “ಹ್ಞೂಂ” ಎಂಬುದೋ ಬಂತು ಎಂದುಕೊಳ್ಳಿ. ಆ ಸಂಭ್ರಮಕ್ಕೆ ತಕ್ಷಣ ಫೋನ್ ಒತ್ತಬೇಡಿ, ಅವನು ಅಳೆದು ಇಟ್ಟಿದ್ದು ಒಂದೇ ಹೆಜ್ಜೆ. ಅವನೇ ಫೋನ್ ಮಾಡಿದ ದಿನ “ಯಾಕೋ ಇಷ್ಟು ದಿನ” ಎಂಬುದು ನಾಲಿಗೆ ತುದಿಗೆ ಬಂದೇ ಬರುತ್ತದೆ, ಅಲ್ಲೇ ತಡೆಯಿರಿ. ಹತ್ತು ನಿಮಿಷ ಸಾಕು, ಫೋನ್ ಅವನೇ ಮೊದಲು ಇಡಲಿ. ಪಕ್ಕದಲ್ಲಿ ಅವನ ಅಪ್ಪ ಕೈ ಚಾಚಿಕೊಂಡು ಕೂತಿರುತ್ತಾರೆ, ಅವನು “ಅಪ್ಪ ಇದಾರಾ?” ಎಂದು ಕೇಳಿದರೆ ಮಾತ್ರ ಕೊಡಿ.