ಬೂದಿ ರೋಗವೋ, ಡೌನಿಯೋ?

ದ್ರಾಕ್ಷಿ ಎಲೆಯಲ್ಲಿ ಬಿಳಿ ಕಾಣ್ತಿದೆ. ಬೂದಿ ರೋಗವೋ, ಡೌನಿಯೋ? ಗಂಧಕ ಹೊಡೆದರೆ ಸಾಕಾ?

ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಎಲೆ ತಿರುಗಿಸಿ ನೋಡಿ. ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಮಚ್ಚೆ, ಸರಿಯಾಗಿ ಅದರ ಕೆಳಗೇ ಬಿಳಿ ಬೂಜು ಇದ್ದರೆ ಡೌನಿ. ಬೆರಳಿಗೆ ಪುಡಿ ಅಂಟಿದರೆ, ಅದೂ ಮೇಲ್ಭಾಗದಲ್ಲಿ, ಬೂದಿ ರೋಗ. ಅನುಮಾನವಿದ್ದರೆ ಮಚ್ಚೆಯಿರುವ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಇಡಿ. ಡೌನಿಯಾದರೆ ಸಾಮಾನ್ಯವಾಗಿ ಬೆಳಿಗ್ಗೆಗೆ ಕೆಳಗಡೆ ಬೂಜು ಏಳುತ್ತದೆ.

ಸೌತೆಯಲ್ಲಿ ಡೌನಿ ಮಚ್ಚೆ ನರಗಳ ನಡುವೆ ಮೂಲೆಮೂಲೆಯಾಗಿರುತ್ತದೆ, ಅಡಿಯ ಬೂಜು ಬೂದು-ನೇರಳೆ.

ಡೌನಿ ನಿಜವಾದ ಶಿಲೀಂಧ್ರವೇ ಅಲ್ಲ. ಹಾಗಾಗಿ ಗಂಧಕ, ಹೆಕ್ಸಾಕೊನಜೋಲ್ ಅದಕ್ಕೆ ನಾಟುವುದಿಲ್ಲ. ಮೆಟಲಾಕ್ಸಿಲ್-ಮ್ಯಾಂಕೊಜೆಬ್ ಬೇಕು, ಅದು ಬೂದಿ ರೋಗಕ್ಕೆ ಸುಮ್ನೆ ದುಡ್ಡು ದಂಡ. ಬೂದಿ ರೋಗಕ್ಕಾದರೂ ಉರಿಬಿಸಿಲಲ್ಲಿ ಗಂಧಕ ಬೇಡ, ಎಲೆ ಸುಡುತ್ತದೆ. ಸೌತೆಗೆ ಇನ್ನೂ ಜಾಸ್ತಿ ಅಪಾಯ.